ಅರ್ಧ ನಿಮಿಷದ ಕೂಗಿಗೆ ಒಂದು ಪುಟದ ಚೀಟಿ

ಮಾಕಳಿದುರ್ಗದ ಬೆಟ್ಟದ ಕೆಳಗೆ, ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮದು ಹಗ್ಗದ ಅಂಗಡಿ. ಮೂಗುದಾರ, ಕಣ್ಣಿ, ಕೊರಳ ಗಂಟೆ, ಗೆಜ್ಜೆ, ಕೊಂಬಿಗೆ ಹಾಕುವ ಹಿತ್ತಾಳೆ ಕುಪ್ಪಿಗೆ, ಎಲ್ಲ ಮಾರುತ್ತೇವೆ. ಶನಿವಾರ ಭಾನುವಾರ ಬೆಟ್ಟ ಹತ್ತಲು ಬರುವ ಹುಡುಗರಿಗೆ ನೀರಿನ ಬಾಟಲಿ, ಬಿಸ್ಕತ್ತೂ ಇರುತ್ತದೆ. ಆದರೆ ನಮ್ಮ ವರ್ಷ ನಿಂತಿರುವುದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಮೇಲೆ. ಪುಷ್ಯ ಮಾಸದ ರಥೋತ್ಸವಕ್ಕೆ ಮುಂಚೆ, ಡಿಸೆಂಬರ್ ಚಳಿಯಲ್ಲಿ, ಹಳ್ಳಿಕಾರ್ ಎತ್ತುಗಳನ್ನು ಕಟ್ಟಿಕೊಂಡು ರೈತರು ಬಂದಿಳಿಯುತ್ತಾರೆ. ಆ ದಿನಗಳಿಗೆಂದು ಆಟೋ ಮೇಲೆ ಮೈಕ್ ಕಟ್ಟಿ ಪ್ರಚಾರ ಮಾಡಿಸುತ್ತೇವೆ. ಅದರ ಮಾತನ್ನು ಸ್ಕ್ರಿಪ್ಟ್ ಬರೆಯುವವರಿಂದ ಬರೆಸಿ, ಸ್ಟುಡಿಯೋದಲ್ಲಿ ಧ್ವನಿ ಕೊಡಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇವೆ.

ಬರೆಸಿದ್ದು ಮೊದಲ ಸಲವೇ ಸರಿಹೋಗುವುದು ಅಪರೂಪ. ಉದ್ದವಾಗಿರುತ್ತದೆ, ಇಲ್ಲವೇ ಮಾತಿನ ಧಾಟಿ ನಮ್ಮ ಗಿರಾಕಿಗೆ ಹೊಂದುವುದಿಲ್ಲ. ಬರೆದವರ ಮನಸ್ಸು ನೋಯಿಸದೆ, ಅವರಿಗೆ ಕೆಲಸಕ್ಕೆ ಬರುವಂತೆ ಅದನ್ನು ಹೇಳಿ ವಾಪಸ್ ಕಳಿಸುವುದು ಒಂದು ಬರವಣಿಗೆಯೇ. ಒಂದು ಜಾತ್ರೆಯ ಸ್ಕ್ರಿಪ್ಟನ್ನೇ ಮುಂದಿಟ್ಟುಕೊಂಡು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಬರೆದುಕೊಟ್ಟವರು ಬೆಂಗಳೂರಿನ ಒಬ್ಬ ಹೆಣ್ಣುಮಗಳು; ವಿಡಿಯೋಗಳಿಗೆ ಬರೆದು ಚೆನ್ನಾಗಿ ಕೈ ಪಳಗಿದವರು.

1. ಮೊದಲು ಓದಿ ಕೇಳಿಸಿಕೊಳ್ಳಿ, ಗಡಿಯಾರ ಇಟ್ಟುಕೊಂಡು

ಕಾಗದದ ಮೇಲೆ ಆ ಸ್ಕ್ರಿಪ್ಟ್ ಒಂದು ಪುಟವೂ ಇರಲಿಲ್ಲ. ಕಣ್ಣಿಗೆ ಚಿಕ್ಕದೇ. ಫೋನಿನ ಸ್ಟಾಪ್‌ವಾಚ್ ಹಾಕಿ, ಮೈಕಿನಲ್ಲಿ ಹೇಳುವ ಹಾಗೆ ನಿಧಾನವಾಗಿ, ಬಿಡಿಸಿ ಓದಿದಾಗ 80 ಸೆಕೆಂಡ್ ಬಂತು. ಕಣ್ಣಿನಲ್ಲಿ ಓದುವ ವೇಗವೇ ಬೇರೆ, ಬಾಯಲ್ಲಿ ಹೇಳುವ ವೇಗವೇ ಬೇರೆ. ಕನ್ನಡದಲ್ಲಿ ಪದ ಎಣಿಸಿ ಅಂದಾಜು ಮಾಡುವುದೂ ಕಷ್ಟ. ‘ಹಗ್ಗ’ ಅನ್ನುವುದೂ ಒಂದು ಪದ, ‘ತೆಗೆದುಕೊಂಡುಹೋಗಬಹುದಾದ’ ಅನ್ನುವುದೂ ಒಂದು ಪದ. ಸಾಧಾರಣ ಉದ್ದದ ಪದಗಳಾದರೆ ಅರ್ಧ ನಿಮಿಷಕ್ಕೆ 50ರ ಆಸುಪಾಸು ಹಿಡಿಸುತ್ತದೆ. ಆದರೂ ಬಾಯಲ್ಲಿ ಹೇಳಿ ಅಳೆಯುವುದೇ ಖಚಿತ.

ಎಷ್ಟು ಬೇಕು ಅನ್ನುವುದಕ್ಕೂ ಲೆಕ್ಕವಿದೆ. ಪ್ರಚಾರದ ಆಟೋ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎನ್ನಿ. ಅಂದರೆ ಸೆಕೆಂಡಿಗೆ ಮೂರು ಮೀಟರ್‌ಗೆ ಸ್ವಲ್ಪ ಕಡಿಮೆ. ಜಾತ್ರೆಯ ಗದ್ದಲದಲ್ಲಿ ಮೈಕಿನ ಮಾತು ಬಿಡಿಬಿಡಿಯಾಗಿ ತಿಳಿಯುವುದು ಆಟೋ 40 ಮೀಟರ್ ದೂರ ಇರುವಾಗಿನಿಂದ, ನಮ್ಮನ್ನು ದಾಟಿ ಇನ್ನೊಂದು 40 ಮೀಟರ್ ಹೋಗುವವರೆಗೆ. ಈ 80 ಮೀಟರ್ ದಾಟಲು ಆಟೋಗೆ ಹಿಡಿಯುವುದು ಅರ್ಧ ನಿಮಿಷ. ಎತ್ತಿನ ಪಕ್ಕ ಹುಲ್ಲು ಹಾಕುತ್ತ ನಿಂತ ರೈತನಿಗೆ ಸಿಗುವುದು ಅಷ್ಟೇ. 80 ಸೆಕೆಂಡಿನ ಮಾತಾದರೆ ಒಬ್ಬನಿಗೆ ಬೆಟ್ಟದ ವರ್ಣನೆ ಮಾತ್ರ ಕೇಳಿಸುತ್ತದೆ, ಮುಂದಿನವನಿಗೆ ಸಾಮಾನಿನ ಪಟ್ಟಿಯ ನಡುಭಾಗ, ಅದರಾಚೆಯವನಿಗೆ ಬರೀ ಫೋನ್ ನಂಬರ್. ಯಾರಿಗೂ ಪೂರ್ತಿ ತಲುಪುವುದಿಲ್ಲ.

ಈ ಲೆಕ್ಕವನ್ನು, ಸ್ಕ್ರಿಪ್ಟ್ ವಾಪಸ್ ಕಳಿಸುವಾಗ ಜೊತೆಗಿಡುವ ಚೀಟಿಯಲ್ಲಿ ಎರಡು ಸಾಲಿನಲ್ಲಿ ಬರೆಯುತ್ತೇನೆ. ‘ಸ್ವಲ್ಪ ಚಿಕ್ಕದು ಮಾಡಿ’ ಎಂದು ಬರೆದರೆ ಬರೆಯುವವರು 80 ಅನ್ನು 65ಕ್ಕೆ ತಂದು ಕಳಿಸುತ್ತಾರೆ, ಅದು ಅವರ ತಪ್ಪಲ್ಲ. ‘30 ಸೆಕೆಂಡ್, ಯಾಕೆಂದರೆ ಆಟೋ ಒಬ್ಬರನ್ನು ದಾಟಿಹೋಗಲು ಹಿಡಿಯುವ ಹೊತ್ತು ಅಷ್ಟೇ’ ಎಂದರೆ ಅವರಿಗೆ ಅಳತೆಯೂ ಸಿಕ್ಕಿತು, ಕಾರಣವೂ ಸಿಕ್ಕಿತು. ಕಾರಣ ಗೊತ್ತಾದವರು ಯಾವುದನ್ನು ಬಿಡಬೇಕೆಂದು ತಾವೇ ನಿರ್ಧಾರ ಮಾಡುತ್ತಾರೆ.

2. ಹೊತ್ತು ಎಲ್ಲಿ ಖರ್ಚಾಗಿದೆ ಎಂದು ತೋರಿಸಿ

ಒಟ್ಟು ಉದ್ದ ಹೇಳಿದರೆ ಸಾಲದು. ಓದುವಾಗಲೇ ಅಂಚಿನಲ್ಲಿ ಪೆನ್ಸಿಲಿನಿಂದ ಸೆಕೆಂಡ್ ಗುರುತು ಹಾಕಿಕೊಂಡು ಹೋದೆ. ಮೊದಲ 22 ಸೆಕೆಂಡ್ ಬೆಟ್ಟಕ್ಕೆ ಹೋಗಿತ್ತು: ಐತಿಹಾಸಿಕ ಮಾಕಳಿದುರ್ಗದ ಮಡಿಲು, ಹಸಿರು ಸಾಲು, ರೈಲಿನ ಶಿಳ್ಳೆ. ಆಮೇಲೆ ಇಬ್ಬರು ರೈತರ ಮಾತುಕತೆ 18 ಸೆಕೆಂಡ್. ಸಾಮಾನಿನ ಪಟ್ಟಿ 25. ಅಂಗಡಿಯ ಹೆಸರು, ವಿಳಾಸ, ಎರಡು ಫೋನ್ ನಂಬರ್ ಸೇರಿ 15.

ಬೆಟ್ಟದ ಸಾಲುಗಳು ನಿಜಕ್ಕೂ ಚೆನ್ನಾಗಿದ್ದವು. ಕೋಟೆಯ ಬುಡದಲ್ಲೇ ರೈಲು ಹಳಿ ಹಾದುಹೋಗುವುದನ್ನು ಅವರು ನೋಡಿಕೊಂಡು ಹೋಗಿ ಬರೆದಿದ್ದರು. ಬೆಂಗಳೂರಿನಿಂದ ಬೆಟ್ಟ ಹತ್ತಲು ಬರುವವರಿಗಾದರೆ ಅದೇ ಮೊದಲ ಸಾಲಾಗಬೇಕು. ಜಾತ್ರೆಗೆ ಬಂದ ರೈತನಿಗೆ ಬೆಟ್ಟ ಕಣ್ಣೆದುರಿಗೇ ಇದೆ. ಅವನು ಹುಡುಕುತ್ತಿರುವುದು ಮೂಗುದಾರ. ಹಾಗಾಗಿ ಚೀಟಿಯಲ್ಲಿ ‘ಇದು ಬೇಡ’ ಎಂದು ಹೊಡೆದುಹಾಕಲಿಲ್ಲ. ಇದು ಯಾರಿಗೆ ಹೊಂದುತ್ತದೆ, ಈ ಕೆಲಸಕ್ಕೆ ಯಾಕೆ ಹೊಂದುವುದಿಲ್ಲ ಎಂದು ಬರೆದೆ. ವಾರಾಂತ್ಯದ ವಿಡಿಯೋಗೆ ಆ ಸಾಲುಗಳನ್ನೇ ಬಳಸುವ ಆಸೆಯಿದೆ, ಅದರ ಹಣ ಬೇರೆ ಎಂದೂ ಸೇರಿಸಿದೆ. ಇದು ಸಮಾಧಾನಕ್ಕೆ ಹೇಳುವ ಮಾತಾಗಬಾರದು. ಬಳಸುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಬರೆಯಬೇಕು.

ಫೋನ್ ನಂಬರ್ ವಿಷಯ ಚಿಕ್ಕದು. ಓಡುವ ಆಟೋದಿಂದ ಕೇಳಿ ಹತ್ತು ಅಂಕಿ ಯಾರೂ ಬರೆದುಕೊಳ್ಳುವುದಿಲ್ಲ. ಅದು ಆಟೋದ ಬ್ಯಾನರಿನ ಮೇಲಿರಲಿ, ಮಾತಿನಲ್ಲಿ ಬೇಡ.

3. ‘ಧಾಟಿ ಸರಿಯಿಲ್ಲ’ ಎಂದರೆ ಏನನ್ನೂ ಹೇಳಿದ ಹಾಗಲ್ಲ

ಉದ್ದವನ್ನು ಗಡಿಯಾರ ಹೇಳಿಬಿಡುತ್ತದೆ. ಧಾಟಿಯದ್ದು ಹಾಗಲ್ಲ. ಅಂಗಡಿಯವರು ಸಾಮಾನ್ಯವಾಗಿ ಬರೆಯುವುದು ‘ಇನ್ನೂ ಪಂಚ್ ಬೇಕು’, ‘ಸ್ವಲ್ಪ ಲೋಕಲ್ ಆಗಿರಲಿ’, ‘ಯಾಕೋ ಸರಿ ಅನ್ನಿಸ್ತಿಲ್ಲ’. ಇದನ್ನು ಓದಿದವರು ಏನು ತಿದ್ದಬೇಕು? ಊಹೆ ಮಾಡಿ ತಿದ್ದುತ್ತಾರೆ, ನಾವು ಮತ್ತೆ ಬೇಡ ಅನ್ನುತ್ತೇವೆ, ಅಲ್ಲಿಗೆ ಇಬ್ಬರಿಗೂ ಬೇಸರ.

ನಾನು ಮಾಡುವುದು ಇಷ್ಟು. ಯಾವ ಸಾಲು ಚುಚ್ಚುತ್ತದೋ ಅದನ್ನು ಹಾಗೆಯೇ ಎತ್ತಿ ಬರೆಯುತ್ತೇನೆ. ಅದನ್ನು ನಮ್ಮ ಗಿರಾಕಿ ಹೇಗೆ ಕೇಳಿಸಿಕೊಳ್ಳುತ್ತಾನೆ ಎಂದು ಬರೆಯುತ್ತೇನೆ. ಅಂಥವನನ್ನು ಅಂಗಡಿಯಲ್ಲಿ ನಾವು ಹೇಗೆ ಮಾತಾಡಿಸುತ್ತೇವೆ ಎಂದೂ ಬರೆಯುತ್ತೇನೆ. ಆ ಸ್ಕ್ರಿಪ್ಟಿನಲ್ಲಿ ಇದ್ದ ಸಾಲು: ‘ಏನ್ ಗೌಡ, ಇನ್ನೂ ನಿಮ್ಮಪ್ಪನ ಕಾಲದ ಹಗ್ಗದಲ್ಲೇ ಎತ್ತು ಕಟ್ತಿದ್ದೀಯಾ?’ ಸಿನಿಮಾದಲ್ಲಿ ಇಂಥ ಮಾತಿಗೆ ಶಿಳ್ಳೆ ಬೀಳುತ್ತದೆ. ಜಾತ್ರೆಯಲ್ಲಿ ಹಾಗಲ್ಲ. ಅಲ್ಲಿಗೆ ಒಬ್ಬ ರೈತ ಜೋಡಿ ಎತ್ತು ತಂದಿದ್ದಾನೆ ಎಂದರೆ ವರ್ಷವಿಡೀ ಅದಕ್ಕೆ ಹುರುಳಿ ಬೇಯಿಸಿ ಹಾಕಿದ್ದಾನೆ, ಮೈ ತಿಕ್ಕಿದ್ದಾನೆ, ಕೊಂಬು ಹೆರೆದಿದ್ದಾನೆ. ಒಳ್ಳೆಯ ಹಳ್ಳಿಕಾರ್ ಜೋಡಿ ಲಕ್ಷಗಳಲ್ಲಿ ಬೆಲೆ ಬಾಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅವನ ಮರ್ಯಾದೆ ಆ ಜೋಡಿಯ ಮೇಲೆ ನಿಂತಿದೆ. ಅಂಥವನ ಎತ್ತಿನ ಕೊರಳಿನ ಹಗ್ಗವನ್ನು ಹೀಯಾಳಿಸಿದರೆ ಅವನ ಸಾಕಣೆಯನ್ನೇ ಹೀಯಾಳಿಸಿದಂತೆ. ಅದೂ ಏಕವಚನದಲ್ಲಿ, ಅಪ್ಪನನ್ನು ಎಳೆದುತಂದು, ಅಕ್ಕಪಕ್ಕದ ರೈತರು ಕೇಳುವಂತೆ ಮೈಕಿನಲ್ಲಿ.

‘ಗೌಡ’ ಅನ್ನುವುದರಲ್ಲೂ ಒಂದು ತೊಡಕಿದೆ. ಎತ್ತು ಕಟ್ಟುವವರು ಒಂದೇ ಜನ ಅಲ್ಲ. ಜಾತ್ರೆಗೆ ಎಲ್ಲ ಸಮುದಾಯದವರೂ ಬರುತ್ತಾರೆ, ಗಡಿಯಾಚೆಯ ಆಂಧ್ರದಿಂದಲೂ ಬರುತ್ತಾರೆ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟಂತೆ ಆಗಬಾರದು. ನಮ್ಮ ಕಡೆ ಅಂಗಡಿಗೆ ಬಂದ ಹಿರಿಯರನ್ನು ‘ಬನ್ನಿ ಯಜಮಾನ್ರೇ’ ಎನ್ನುತ್ತೇವೆ, ನಡುವಯಸ್ಸಿನವರಾದರೆ ‘ಅಣ್ಣಾ’, ಹೆಂಗಸರಾದರೆ ‘ಅಮ್ಮಾ’, ‘ಅಕ್ಕಾ’. ಇದನ್ನು ಹಾಗೆಯೇ ಚೀಟಿಯಲ್ಲಿ ಬರೆದುಕೊಟ್ಟೆ. ಬರೆಯುವವರು ಊರಿನವರಲ್ಲದಿದ್ದರೆ ಈ ಒಂದು ಸಾಲು ಅವರಿಗೆ ಎಷ್ಟೋ ಕೆಲಸ ಮಾಡಿಕೊಡುತ್ತದೆ.

ಇನ್ನೊಂದು ಸಾಲು ‘ಇಡೀ ಕರ್ನಾಟಕದಲ್ಲೇ ನಂಬರ್ ಒನ್ ಹಗ್ಗ’. ಇದನ್ನು ತೆಗೆಯಲು ಕೇಳುವಾಗ ಅಭಿರುಚಿಯ ಮಾತು ಬೇಡ. ಆಧಾರವಿಲ್ಲದ ಇಂಥ ಹೇಳಿಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಅನ್ನಿಸಿಕೊಳ್ಳಬಹುದು, ಉತ್ತರ ಕೊಡಬೇಕಾದವರು ಅಂಗಡಿಯವರು ಎಂದು ಬರೆದರೆ ಸಾಕು. ಅದಕ್ಕೆ ಬದಲಾಗಿ ನಿಜವಾದದ್ದೇನಿದೆ ಅಂತಲೂ ಹೇಳಬೇಕು. ನಮ್ಮಲ್ಲಿ ಹಗ್ಗವನ್ನು ಗಿರಾಕಿ ಕೈಯಲ್ಲಿ ಹಿಡಿದು, ಎಳೆದು, ಹುರಿ ಬಿಚ್ಚಿ ನೋಡಿಯೇ ತೆಗೆದುಕೊಳ್ಳಬಹುದು. ಅದನ್ನು ಹೇಳಿಕೊಳ್ಳಲು ನಮಗೆ ಅಂಜಿಕೆಯಿಲ್ಲ.

4. ಮನೆಮಂದಿಯ ಅಭಿಪ್ರಾಯವೆಲ್ಲ ಒಬ್ಬರ ಬಾಯಿಂದ ಹೋಗಲಿ

ಸ್ಕ್ರಿಪ್ಟ್ ಬಂದ ತಕ್ಷಣ ಮನೆಯವರೆಲ್ಲ ಒಂದೊಂದು ಹೇಳುತ್ತಾರೆ. ತಮ್ಮನಿಗೆ ಹಾಡು ಬೇಕು, ಮಗನಿಗೆ ಡೈಲಾಗ್ ಬೇಕು, ಪಾಲುದಾರರಿಗೆ ತಮ್ಮ ಹೆಸರು ಬೇಕು. ಒಬ್ಬೊಬ್ಬರೂ ಬರೆಯುವವರಿಗೆ ವಾಟ್ಸಾಪಿನಲ್ಲಿ ದನಿ ಕಳಿಸಿದರೆ ಅವರು ಯಾರ ಮಾತು ಹಿಡಿಯಬೇಕು? ಒಂದು ಸಂಜೆ ಕೂತು ಎಲ್ಲ ಕೇಳಿ, ತೀರ್ಮಾನ ಮಾಡಿ, ಆಮೇಲೆ ಒಂದೇ ಚೀಟಿ ಬರೆಯಬೇಕು. ಬರಹದಲ್ಲೇ ಇರಬೇಕು. ದನಿಯಲ್ಲಿ ಕಳಿಸಿದ್ದನ್ನು ತಿದ್ದುವವರು ಮತ್ತೆ ಮತ್ತೆ ಕೇಳುತ್ತ ಕೂರಬೇಕಾಗುತ್ತದೆ.

5. ಚೀಟಿ ಬರೆಯುವ ರೀತಿ

ಆ ಸಲ ಕಳಿಸಿದ ಚೀಟಿ ಹೆಚ್ಚುಕಡಿಮೆ ಹೀಗಿತ್ತು:

> ನಮಸ್ಕಾರ ಮೇಡಂ,
>
> ಸ್ಕ್ರಿಪ್ಟ್ ತಲುಪಿತು. ಹೇಳಿದ ದಿನಕ್ಕೇ ಕಳಿಸಿದ್ದಕ್ಕೆ ಧನ್ಯವಾದ. ಸಾಮಾನುಗಳ ಹೆಸರನ್ನೆಲ್ಲ ನಮ್ಮ ಕಡೆ ಕರೆಯುವ ಹಾಗೆಯೇ ಬರೆದಿದ್ದೀರಿ. ಆ ಭಾಗ ಹಾಗೇ ಇರಲಿ.
>
> ಎರಡು ಬದಲಾವಣೆ ಬೇಕಾಗಿತ್ತು.
>
> ಮೊದಲನೆಯದು ಉದ್ದ. ಮೈಕಿನ ವೇಗದಲ್ಲಿ ಓದಿದಾಗ 80 ಸೆಕೆಂಡ್ ಆಗುತ್ತಿದೆ. ಆಟೋ ಒಬ್ಬ ರೈತನನ್ನು ದಾಟಿಹೋಗುವುದು ಅರ್ಧ ನಿಮಿಷದಲ್ಲಿ. ಅಷ್ಟರೊಳಗೆ ಪೂರ್ತಿ ಕೇಳಿಸುವಂತೆ 30 ಸೆಕೆಂಡಿಗೆ ಇಳಿಸಿಕೊಡಿ. ಬೆಟ್ಟದ ವರ್ಣನೆ ಮತ್ತು ಫೋನ್ ನಂಬರ್ ಬಿಡಬಹುದು. ವರ್ಣನೆ ಸೊಗಸಾಗಿದೆ, ಬೆಟ್ಟ ಹತ್ತಲು ಬರುವವರಿಗೆ ಮಾಡುವ ವಿಡಿಯೋಗೆ ಅದನ್ನು ಬೇರೆಯಾಗಿ ಬರೆಸುವ ಯೋಚನೆಯಿದೆ.
>
> ಎರಡನೆಯದು ಮಾತಿನ ಧಾಟಿ. ‘ಏನ್ ಗೌಡ’ ಎಂದು ಶುರುವಾಗುವ ಸಾಲು ಜಾತ್ರೆಗೆ ಎತ್ತು ತಂದವರಿಗೆ ಹೀಯಾಳಿಸಿದಂತೆ ಕೇಳಿಸಬಹುದು. ನಾವು ಅವರನ್ನು ‘ಯಜಮಾನ್ರೇ’ ಎಂದು ಕರೆದು, ಬಹುವಚನದಲ್ಲಿ ಮಾತಾಡಿಸುತ್ತೇವೆ. ಮನೆಗೆ ಬಂದ ಹಿರಿಯರ ಜೊತೆ ಮಾತಾಡುವ ಹಾಗಿದ್ದರೆ ಸಾಕು. ‘ನಂಬರ್ ಒನ್’ ಅನ್ನುವುದನ್ನು ತೆಗೆದು, ಹಗ್ಗ ಎಳೆದು ನೋಡಿ ತೆಗೆದುಕೊಳ್ಳಬಹುದು ಎಂಬುದನ್ನು ಸೇರಿಸಿಕೊಡಿ. ಪದಗಳು ನಿಮ್ಮ ಇಷ್ಟ.
>
> ಅಂಗಡಿ ಎಲ್ಲಿದೆ ಎಂಬುದು ಮಾತ್ರ ಎರಡು ಸಲ ಬರಲೇಬೇಕು.
>
> ರೆಕಾರ್ಡಿಂಗ್ ಮುಂದಿನ ಸೋಮವಾರ. ಶುಕ್ರವಾರದೊಳಗೆ ಕೊಡಲು ಆಗುತ್ತದೆಯೇ ತಿಳಿಸಿ. ಅನುಮಾನವಿದ್ದರೆ ಮಧ್ಯಾಹ್ನ ಎರಡರ ಮೇಲೆ ಫೋನ್ ಮಾಡಿ, ಆ ಹೊತ್ತಿಗೆ ವ್ಯಾಪಾರ ಕಡಿಮೆ.

ಹೊಗಳಿಕೆಯ ಸಾಲನ್ನು ಸುಮ್ಮನೆ ಹಾಕಿಲ್ಲ. ‘ಚೆನ್ನಾಗಿದೆ, ಆದರೆ’ ಎಂದು ಶುರುಮಾಡಿದರೆ ಓದುವವರಿಗೆ ‘ಆದರೆ’ ಒಂದೇ ಕಾಣುವುದು. ಯಾವ ಭಾಗ ಉಳಿಯಬೇಕು ಎಂದು ಬೆರಳಿಟ್ಟು ಹೇಳಿದರೆ ತಿದ್ದುವಾಗ ಅವರು ಅದನ್ನು ಮುಟ್ಟುವುದಿಲ್ಲ. ಹೇಳದಿದ್ದರೆ ಚಿಕ್ಕದು ಮಾಡುವ ಭರದಲ್ಲಿ ಒಳ್ಳೆಯ ಭಾಗವೇ ಹೋಗಿಬಿಡುತ್ತದೆ.

‘ದಯವಿಟ್ಟು’ ಅನ್ನುವುದು ಇಡೀ ಚೀಟಿಯಲ್ಲಿ ಎಲ್ಲೂ ಇಲ್ಲ. ಸಾಲು ಸಾಲಿಗೂ ಅದನ್ನು ಹಾಕಿದರೆ ಕಚೇರಿಯ ಸುತ್ತೋಲೆ ಓದಿದ ಹಾಗಾಗುತ್ತದೆ. ‘ಇಳಿಸಿ’ ಎನ್ನುವ ಕಡೆ ‘ಇಳಿಸಿಕೊಡಿ’, ‘ಕೊಡಬೇಕು’ ಎನ್ನುವ ಕಡೆ ‘ಕೊಡಲು ಆಗುತ್ತದೆಯೇ’ ಎಂದರೆ ಮಾತು ತಾನಾಗಿ ಮೆತ್ತಗಾಗುತ್ತದೆ. ಆದರೆ 30 ಸೆಕೆಂಡ್ ಎಂಬುದನ್ನು ಮೆತ್ತಗೆ ಮಾಡಬಾರದು. ‘ಸಾಧ್ಯವಾದರೆ ಸುಮಾರು 30ರ ಹತ್ತಿರ’ ಎಂದು ಬರೆದರೆ 45 ಬರುತ್ತದೆ. ಅಳತೆಯಲ್ಲಿ ಗಟ್ಟಿಯಾಗಿರಬೇಕು, ಕೇಳುವ ರೀತಿಯಲ್ಲಿ ಮೃದುವಾಗಿರಬೇಕು. ಎರಡನ್ನೂ ಅದಲುಬದಲು ಮಾಡಿಕೊಳ್ಳುವವರೇ ಹೆಚ್ಚು: ‘ಏನ್ರೀ ಇದು, ಇಷ್ಟುದ್ದ ಬರೆದಿದ್ದೀರಾ’ ಎಂದು ಒರಟಾಗಿ ಕೇಳುತ್ತಾರೆ, ಎಷ್ಟು ಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

‘ಪದಗಳು ನಿಮ್ಮ ಇಷ್ಟ’ ಎಂಬುದನ್ನು ಯೋಚಿಸಿಯೇ ಬರೆದದ್ದು. ಸಾಲನ್ನೇ ನಾವು ಬರೆದು ಕಳಿಸಿದರೆ ಅವರು ಅದನ್ನು ನಕಲು ಮಾಡಿ ಕಳಿಸಿಬಿಡುತ್ತಾರೆ. ಆಗ ನಾವು ದುಡ್ಡು ಕೊಟ್ಟದ್ದು ಯಾತಕ್ಕೆ? ನಮಗೆ ಗೊತ್ತಿರುವುದು ಗಿರಾಕಿ, ಅವರಿಗೆ ಗೊತ್ತಿರುವುದು ಮಾತು.

6. ತಿದ್ದುಪಡಿ ಯಾವುದು, ಹೊಸ ಕೆಲಸ ಯಾವುದು

ಮೊದಲೇ ಹೇಳಿದ್ದಕ್ಕೆ ಸ್ಕ್ರಿಪ್ಟ್ ಹೊಂದದಿದ್ದರೆ ಅದು ತಿದ್ದುಪಡಿ, ಒಪ್ಪಿದ ಹಣದಲ್ಲೇ ಆಗಬೇಕು. ನಾವು ಆಗ ಹೇಳದೆ ಈಗ ನೆನಪಾಗಿ ಸೇರಿಸಿದ್ದು ಹೊಸ ಕೆಲಸ. ಆಂಧ್ರದ ಕಡೆಯವರಿಗೆಂದು ತೆಲುಗಿನಲ್ಲೂ ಒಂದು ಬೇಕು ಎಂದು ಚೀಟಿಯ ಕೊನೆಯಲ್ಲಿ ಮೆಲ್ಲಗೆ ತೂರಿಸುವುದು ಮರ್ಯಾದೆಯಲ್ಲ; ಅದನ್ನು ಬೇರೆ ಕಾಗದದಲ್ಲಿ, ಎಷ್ಟಾಗುತ್ತದೆ ಎಂದು ಕೇಳಿ ಬರೆಯಬೇಕು. ಎಷ್ಟು ಸಲ ತಿದ್ದಿಕೊಡುತ್ತಾರೆ ಎಂಬುದನ್ನು ಅಡ್ವಾನ್ಸ್ ಕೊಡುವಾಗಲೇ ಮಾತಾಡಿಕೊಂಡಿದ್ದರೆ ಈ ಹಂತದಲ್ಲಿ ಮುಜುಗರ ಇರುವುದಿಲ್ಲ.

7. ತಿದ್ದಿ ಬಂದದ್ದನ್ನು ಗದ್ದಲದಲ್ಲಿ ಕೇಳಿ

ತಿದ್ದುಪಡಿಯಾಗಿ ಬಂದ ಮಾತು ಇದು:

> ಯಜಮಾನ್ರೇ, ಜಾತ್ರೆಗೆ ಎತ್ತು ಹಿಡ್ಕೊಂಡು ಬಂದಿದ್ದೀರಾ? ಮಾಕಳಿಯ ಹಗ್ಗದ ಅಂಗಡಿಗೆ ಒಂದು ಸಲ ಬಂದುಹೋಗಿ. ಮೂಗುದಾರ, ಕಣ್ಣಿ, ಹಗ್ಗ, ಕೊರಳ ಗಂಟೆ, ಗೆಜ್ಜೆ, ಕೊಂಬಿನ ಕುಪ್ಪಿಗೆ, ಎಲ್ಲಾ ಇದೆ. ಹಗ್ಗ ಕೈಯಲ್ಲಿ ಹಿಡೀರಿ, ಎಳೆದು ನೋಡಿ, ಒಪ್ಪಿದ್ರೆ ತಗೊಳ್ಳಿ. ಗೌರಿಬಿದನೂರು ರಸ್ತೆ, ಮಾಕಳಿ, ಬಸ್ ನಿಲ್ಲೋ ಜಾಗದ ಎದುರಿಗೇ ಹಗ್ಗದ ಅಂಗಡಿ. ಜಾತ್ರೆ ಮುಗಿಯೋವರೆಗೂ ರಾತ್ರಿ ಒಂಬತ್ತರ ತನಕ ಬಾಗಿಲು ತೆಗೆದಿರುತ್ತೆ.

ಸ್ಟಾಪ್‌ವಾಚಿನಲ್ಲಿ ಅರ್ಧ ನಿಮಿಷದೊಳಗೇ ಮುಗಿಯಿತು. ‘ಒಪ್ಪಿದ್ರೆ ತಗೊಳ್ಳಿ’ ಎಂಬುದು ಅವರದೇ ಮಾತು. ನಾನು ಬರೆದಿದ್ದರೆ ಅದು ಬರುತ್ತಿರಲಿಲ್ಲ. ಇದನ್ನು ಮನೆಯೊಳಗೆ ಓದಿ ಒಪ್ಪಿಕೊಳ್ಳಬಾರದು. ಫೋನಿನಲ್ಲಿ ರೆಕಾರ್ಡ್ ಮಾಡಿ, ಬಸ್ಸು ಲಾರಿ ಓಡಾಡುವ ರಸ್ತೆ ಬದಿಯಲ್ಲಿ ಹಾಕಿ, ಗೊತ್ತಿಲ್ಲದ ಒಬ್ಬರನ್ನು ‘ಏನು ಮಾರ್ತಾರಂತೆ, ಎಲ್ಲಿದೆಯಂತೆ’ ಎಂದು ಕೇಳಬೇಕು. ಎರಡಕ್ಕೂ ಉತ್ತರ ಬಂದರೆ ಸ್ಕ್ರಿಪ್ಟ್ ಸರಿಯಾಗಿದೆ. ‘ಕಣ್ಣಿ’ ಎಂಬುದು ಗದ್ದಲದಲ್ಲಿ ‘ಕಣ್ಣು’ ಎಂದು ಕೇಳಿಸುತ್ತಿತ್ತು. ಹಗ್ಗದ ಮಾತು ಹಿಂದೆ ಮುಂದೆ ಇದ್ದೇ ಇದೆ, ಹಾಗಾಗಿ ಆ ಒಂದು ಪದ ಕೈಬಿಟ್ಟೆವು. ಅದನ್ನೂ ಅವರಿಗೆ ತಿಳಿಸಿಯೇ ತೆಗೆದದ್ದು.

ಕೊನೆಯ ಚೀಟಿ ಎರಡು ಸಾಲಿನದು: ಈ ಪ್ರತಿಯೇ ಅಂತಿಮ, ಉಳಿದ ಹಣ ಇವತ್ತೇ ಕಳಿಸುತ್ತಿದ್ದೇವೆ. ಸ್ಟುಡಿಯೋಗೆ ಹೋಗುವ ಪ್ರತಿಯಲ್ಲಿ ಧ್ವನಿ ಕೊಡುವವರಿಗೆಂದು ಎರಡು ಸೂಚನೆ ಬರೆದಿರುತ್ತೇನೆ. ‘ಮಾಕಳಿ’ಯ ಳಕಾರ ಗಟ್ಟಿಯಾಗಿ ಬರಲಿ, ಊರಿನ ಹೆಸರು ತಪ್ಪಾದರೆ ಜಾತ್ರೆಯಲ್ಲಿ ಯಾರೂ ನಂಬುವುದಿಲ್ಲ. ‘ಎಳೆದು ನೋಡಿ’ ಆದಮೇಲೆ ಒಂದು ಉಸಿರು ನಿಲ್ಲಿಸಲಿ. ಮೈಕಿಗೆ ಪೊಲೀಸರ ಅನುಮತಿ ಪತ್ರವನ್ನು ಆಟೋದವರ ಕೈಗೆ ಪೆನ್‌ಡ್ರೈವ್ ಜೊತೆಗೇ ಕೊಡುತ್ತೇವೆ. ಶಬ್ದ ಮಾಲಿನ್ಯದ 2000ರ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಆ ಹೊತ್ತು ಕಳೆದ ಮೇಲೂ ಅವಸರ ಮಾಡದೆ, ದನಗಳಿಗೆ ನೀರು ಕುಡಿಸಿ ರೈತರು ಬಿಡುವಾಗುವ ಬೆಳಗಿನ ಎಂಟು ಗಂಟೆಗೆ ಮೊದಲ ಸುತ್ತು ಹೊರಡಲಿ ಎಂದು ಹೇಳಿ ಕಳಿಸುತ್ತೇವೆ.